ಪಾಂಪ್ಲೆಟ್‌ನಲ್ಲಿ ಅಚ್ಚಾದ ಬೆಲೆಗೆ ಅಂಗಡಿಯವರು ಬದ್ಧರೇ?

ಪ್ರಶ್ನೆ: ಪೇಪರ್ ಜೊತೆ ಬಂದ ಪಾಂಪ್ಲೆಟ್‌ನಲ್ಲಿ ‘ಈ ಭಾನುವಾರ ಬೆಳಗ್ಗೆ 9ಕ್ಕೆ ಮೊದಲು ಬರುವ 5 ಮಂದಿಗೆ 8,000 ರೂ. ಬೆಲೆಯ ಗ್ರೈಂಡರ್ ಕೇವಲ 499 ರೂ.ಗೆ’ ಅಂತ ಇತ್ತು. ಗುಬ್ಬಿಯಿಂದ ಮೊದಲ ಬಸ್ಸಿಗೆ ತುಮಕೂರಿಗೆ ಹೋಗಿ ಸಾಲಿನಲ್ಲಿ ಮೂರನೆಯವನಾಗಿ ನಿಂತೆ. ಸೆಕ್ಯುರಿಟಿಯವರು 3 ಅಂತ ಬರೆದ ಚೀಟಿಯನ್ನೂ ಕೊಟ್ಟರು. ಒಳಗೆ ಹೋಗಿ ದುಡ್ಡು ಕೊಡಲು ಹೋದರೆ ‘10,000 ರೂ. ಖರೀದಿ ಮಾಡಿದವರಿಗೆ ಮಾತ್ರ’ ಅಂತ ಕೌಂಟರ್ ಹಿಂದೆ ಅಂಟಿಸಿದ ಹಾಳೆ ತೋರಿಸಿದರು. ಅದೇ ಪಾಂಪ್ಲೆಟ್‌ನಲ್ಲಿದ್ದ ‘ಮಿಕ್ಸಿ 1,999ರಿಂದ’ ಕೂಡ ಖಾಲಿ ಅಂದರು. ಬರಿಗೈಲಿ ಬರೋದು ಬೇಡ ಅಂತ ಒಂದು ಇಸ್ತ್ರಿ ಪೆಟ್ಟಿಗೆ ತಗೊಂಡು ಬಂದೆ. ಜಾಹೀರಾತು ಆಫರ್ ಅಲ್ಲ, ಪ್ರತಿಫಲವೂ ಇಲ್ಲ, ಕೇಸು ನಿಲ್ಲಲ್ಲ ಅಂತ ಪರಿಚಯದವರೊಬ್ಬರು ಹೇಳಿದರು. ನಿಜವೇ? ಇನ್ನೊಂದು ವಿಷಯ. ನಮ್ಮ ಭಾವ ದಾರಿ ತಪ್ಪಿ ಬಂದಿದ್ದ ಒಂದು ಹಸುವನ್ನು ಎರಡು ದಿನ ಕಟ್ಟಿಹಾಕಿ, ವಿಚಾರಿಸಿ, ಪಕ್ಕದೂರಿನ ಒಡೆಯರ ಮನೆಗೆ ಹೊಡೆದುಕೊಂಡು ಹೋಗಿ ಬಿಟ್ಟುಬಂದರು. ಹುಡುಕಿಕೊಟ್ಟವರಿಗೆ 5,000 ರೂ. ಅಂತ ಒಡೆಯರು ವಾಟ್ಸಾಪ್‌ನಲ್ಲಿ ಹಾಕಿದ್ದು ಆಮೇಲೆ ಗೊತ್ತಾಯಿತು. ಕೇಳಿದ್ದಕ್ಕೆ ‘ಹಬ್ಬ ಕಳೀಲಿ, ಕೊಡ್ತೀನಿ’ ಅಂದವರು ಈಗ ಫೋನೇ ಎತ್ತುತ್ತಿಲ್ಲ. ಇದಕ್ಕೇನಾದರೂ ದಾರಿ ಇದೆಯೇ?
— ಗುಬ್ಬಿ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಪರಿಚಯದವರು ಹೇಳಿದ್ದು ಮಿಕ್ಸಿಯ ಮಟ್ಟಿಗೆ ಸರಿ, ಗ್ರೈಂಡರ್ ಮಟ್ಟಿಗೆ ಅಲ್ಲ. ಒಂದೇ ಹಾಳೆಯಲ್ಲಿ ಅಚ್ಚಾದ ಎರಡು ಸಾಲುಗಳಿಗೆ ಕಾನೂನು ಎರಡು ಬೇರೆ ಉತ್ತರ ಕೊಡುತ್ತದೆ. ಭಾವನವರ ಹಸುವಿನ ವಿಷಯದಲ್ಲಿ, ಎಲ್ಲರಿಗೂ ಮೊದಲು ಹೊಳೆಯುವ ದಾರಿ ಮುಚ್ಚಿದೆ. ಆದರೆ ಕರಾರು ಕಾಯ್ದೆಯಲ್ಲೇ ಬೇರೆ ಎರಡು ದಾರಿಗಳಿವೆ, ಅವನ್ನು ವಕೀಲರೂ ಎಷ್ಟೋ ಸಲ ಮರೆತುಬಿಡುತ್ತಾರೆ.

ಮೊದಲು ಮಿಕ್ಸಿ. 1872ರ ಭಾರತೀಯ ಕರಾರು ಕಾಯ್ದೆಯ 2(ಎ) ಕಲಮಿನ ಪ್ರಕಾರ, ಒಬ್ಬ ವ್ಯಕ್ತಿ ಇನ್ನೊಬ್ಬರ ಒಪ್ಪಿಗೆ ಪಡೆಯುವ ಉದ್ದೇಶದಿಂದ ‘ಇದನ್ನು ಮಾಡಲು ನಾನು ಸಿದ್ಧ’ ಎಂದು ತಿಳಿಸಿದರೆ ಅದು ಪ್ರಸ್ತಾಪ. ಸಿದ್ಧ ಎಂದರೆ ಎದುರಿನವರು ‘ಆಗಲಿ’ ಎಂದ ಕ್ಷಣವೇ ತಾನು ಕಟ್ಟುಬೀಳಲು ಸಿದ್ಧ ಎಂದು. ‘ಮಿಕ್ಸಿ 1,999ರಿಂದ’ ಎಂಬಲ್ಲಿ ಆ ಸಿದ್ಧತೆ ಕಾಣುವುದಿಲ್ಲ. ಯಾವ ಮಾಡೆಲ್, ಎಷ್ಟು ವ್ಯಾಟ್, ಎಷ್ಟು ಜಾರು, ಎಷ್ಟು ಪೀಸು, ಒಂದೂ ಹೇಳಿಲ್ಲ. ‘ರಿಂದ’ ಎಂಬ ಪ್ರತ್ಯಯವೇ ಮುಂದಿನ ಮಾತುಕತೆ ಅಂಗಡಿಯೊಳಗೆ ಎಂದು ಹೇಳುತ್ತದೆ. ಇಂಥದ್ದನ್ನು ಕಾನೂನಿನಲ್ಲಿ ಪ್ರಸ್ತಾಪಕ್ಕೆ ಆಹ್ವಾನ ಎನ್ನುತ್ತಾರೆ. ಅಂಗಡಿಯವರು ನಿಮ್ಮನ್ನು ಕರೆದಿದ್ದಾರೆ, ಪ್ರಸ್ತಾಪ ಮಾಡುವವರು ನೀವು, ಒಪ್ಪುವುದೂ ಬಿಡುವುದೂ ಅವರಿಗೆ ಬಿಟ್ಟದ್ದು.

ಸಾಮಾನ್ಯ ಜಾಹೀರಾತುಗಳನ್ನು ನ್ಯಾಯಾಲಯಗಳು ಹೀಗೆ ನೋಡುವುದಕ್ಕೆ ಗಟ್ಟಿ ಕಾರಣವಿದೆ. 1968ರ ಒಂದು ಇಂಗ್ಲಿಷ್ ಪ್ರಕರಣ, ಪಾರ್ಟ್ರಿಜ್ ವಿರುದ್ಧ ಕ್ರಿಟೆಂಡನ್. ಪತ್ರಿಕೆಯೊಂದರ ವರ್ಗೀಕೃತ ಜಾಹೀರಾತಿನಲ್ಲಿ ಒಬ್ಬಾತ ಕಾಡುಹಕ್ಕಿಗಳಿಗೆ ‘ತಲಾ 25 ಶಿಲಿಂಗ್’ ಎಂದು ಹಾಕಿದ್ದ. ರಕ್ಷಿತ ಹಕ್ಕಿಯನ್ನು ‘ಮಾರಾಟಕ್ಕೆ ಪ್ರಸ್ತಾಪಿಸಿದ’ ಎಂದು ಅವನ ಮೇಲೆ ಮೊಕದ್ದಮೆ ಹೂಡಿದರು. ಅದು ಪ್ರಸ್ತಾಪವೇ ಅಲ್ಲ ಎಂದು ನ್ಯಾಯಾಲಯ ಅವನನ್ನು ಬಿಟ್ಟಿತು. ಜಾಹೀರಾತನ್ನೇ ಪ್ರಸ್ತಾಪ ಎಂದುಕೊಂಡರೆ, ಹತ್ತು ಹಕ್ಕಿ ಇರುವವನಿಗೆ ಸಾವಿರ ಜನ ‘ಒಪ್ಪಿದೆ’ ಎಂದು ಬರೆದಾಗ ಸಾವಿರ ಕರಾರುಗಳು ಹುಟ್ಟಿ, 990 ಜನರಿಗೆ ಅವನು ಪರಿಹಾರ ಕಟ್ಟಬೇಕಾಗುತ್ತದೆ. ಬುದ್ಧಿಯಿರುವ ಯಾವ ವ್ಯಾಪಾರಿಯೂ ಅಂಥ ಉರುಳಿಗೆ ತಾನಾಗಿಯೇ ಕತ್ತು ಕೊಡುವುದಿಲ್ಲ, ಆದ್ದರಿಂದ ಅವನ ಮಾತಿಗೆ ಆ ಅರ್ಥ ಹಚ್ಚಬಾರದು ಎಂಬುದು ಇದರ ಹಿಂದಿನ ತರ್ಕ. ಈ ತರ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಗ್ರೈಂಡರ್ ವಿಷಯದಲ್ಲಿ ಅದೇ ಅಂಗಡಿಯವರಿಗೆ ತಿರುಗುಬಾಣವಾಗುತ್ತದೆ.

ಹರಾಜಿಗೂ ಇದೇ ನಿಯಮ. ತಿಪಟೂರಿನಲ್ಲಿ ಕೊಬ್ಬರಿ ಹರಾಜಿದೆ ಎಂದು ನಂಬಿ ದೂರದಿಂದ ಬಂದ ವರ್ತಕರು, ಅಂದು ಹರಾಜು ನಡೆಯದಿದ್ದರೆ ಬಸ್ ಚಾರ್ಜು ಕೇಳಲಾಗದು. ಹರಾಜಿನ ಪ್ರಕಟಣೆ ಆಹ್ವಾನ ಮಾತ್ರ. ಕೂಗುವ ಬಿಡ್ ಪ್ರಸ್ತಾಪ.

ಈಗ ಗ್ರೈಂಡರ್‌ಗೆ ಬರೋಣ. ಆ ಸಾಲನ್ನು ಬಿಡಿಬಿಡಿಯಾಗಿ ಓದಿ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಜನರಿಗೆ, ಯಾವ ವಸ್ತು, ಎಷ್ಟು ಬೆಲೆ, ಯಾರಿಗೆ ಕೊಡಬೇಕೆಂಬ ಕ್ರಮ, ಎಲ್ಲವೂ ಇದೆ. ಚೌಕಾಸಿಗೆ ಉಳಿದದ್ದು ಏನೂ ಇಲ್ಲ. ಸಾವಿರ ಜನ ಬಂದರೆ ಗತಿಯೇನು ಎಂಬ ಭಯಕ್ಕೂ ಇಲ್ಲಿ ಜಾಗವಿಲ್ಲ, ಏಕೆಂದರೆ ‘5 ಮಂದಿಗೆ’ ಎಂದು ಅಂಗಡಿಯವರೇ ಬೇಲಿ ಹಾಕಿಕೊಂಡಿದ್ದಾರೆ. ಆರನೆಯವರು ಬಂದರೆ ಅವರಿಗೆ ಹಕ್ಕಿಲ್ಲ, ಅಷ್ಟೇ. ಜಾಹೀರಾತು ಪ್ರಸ್ತಾಪವಲ್ಲ ಎನ್ನಲು ಇದ್ದ ಕಾರಣವೇ ಇಲ್ಲವಾದಾಗ, ಕಾರಣದ ಮೇಲೆ ನಿಂತ ನಿಯಮವೂ ನಿಲ್ಲುವುದಿಲ್ಲ.

ನಿಮ್ಮ ಕಥೆಯ ಪಡಿಯಚ್ಚಿನಂಥ ಪ್ರಕರಣವೊಂದು ಅಮೆರಿಕದ ಮಿನ್ನೆಸೋಟ ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ 1957ರಲ್ಲಿ ತೀರ್ಮಾನವಾಯಿತು, ಲೆಫ್ಕೊವಿಟ್ಜ್ ಪ್ರಕರಣ ಎಂದು ಹೆಸರು. ಅಂಗಡಿಯೊಂದು ಪತ್ರಿಕೆಯಲ್ಲಿ ಶನಿವಾರ ಬೆಳಗ್ಗೆ 9ಕ್ಕೆ ಮೊದಲು ಬಂದವರಿಗೆ ತುಪ್ಪಳದ ಕೋಟುಗಳನ್ನು 1 ಡಾಲರ್‌ಗೆ ಕೊಡುವುದಾಗಿ ಹಾಕಿತು. ಮುಂದಿನ ವಾರ ಇನ್ನೊಂದು ಜಾಹೀರಾತಿನಲ್ಲಿ ಹೆಗಲ ಮೇಲೆ ಹೊದೆಯುವ, 139.50 ಡಾಲರ್ ಬೆಲೆಯ ಒಂದು ತುಪ್ಪಳದ ವಸ್ತ್ರಕ್ಕೂ 1 ಡಾಲರ್ ಎಂದಿತ್ತು. ಎರಡು ಸಲವೂ ಮೊದಲು ಹೋದ ಲೆಫ್ಕೊವಿಟ್ಜ್ ಅವರಿಗೆ ‘ಇದು ಹೆಂಗಸರಿಗೆ ಮಾತ್ರ, ನಮ್ಮ ಅಂಗಡಿಯ ನಿಯಮ’ ಎಂದರು. ಜಾಹೀರಾತಿನಲ್ಲಿ ಆ ಮಾತು ಇರಲೇ ಇಲ್ಲ. ಜಾಹೀರಾತು ಸ್ಪಷ್ಟವಾಗಿ, ಖಚಿತವಾಗಿ ಇದ್ದು, ಚರ್ಚೆಗೆ ಏನನ್ನೂ ಉಳಿಸದಿದ್ದರೆ ಅದು ಪ್ರಸ್ತಾಪವೇ, ಮತ್ತು ಜನ ಅದನ್ನು ಒಪ್ಪಿ ನಡೆದ ಮೇಲೆ ಅಂಗಡಿಯವರು ಹೊಸ ಷರತ್ತು ಸೇರಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಎರಡನೇ ಸಲ ಹೋಗುವಾಗ ಅಂಗಡಿಯ ಆ ನಿಯಮ ಅವರಿಗೆ ಮೊದಲೇ ಗೊತ್ತಿತ್ತು, ಆದರೂ ಅವರೇ ಗೆದ್ದರು. ಸಿಕ್ಕ ಪರಿಹಾರ 138.50 ಡಾಲರ್, ಅಂದರೆ ಬೆಲೆಯಲ್ಲಿ ಕೊಡಬೇಕಿದ್ದ 1 ಡಾಲರ್ ಕಳೆದು ಉಳಿದದ್ದು.

ಆದರೆ ಕೋಟುಗಳಿಗೆ ಅವರಿಗೆ ಏನೂ ಸಿಗಲಿಲ್ಲ. ಆ ಜಾಹೀರಾತಿನಲ್ಲಿ ‘100 ಡಾಲರ್‌ವರೆಗಿನ ಬೆಲೆಯವು’ ಎಂದಷ್ಟೇ ಇತ್ತು. ‘ವರೆಗಿನ’ ಎಂದರೆ ಹತ್ತೂ ಇರಬಹುದು, ತೊಂಬತ್ತೂ ಇರಬಹುದು, ಬೆಲೆಯನ್ನು ಊಹಿಸಿ ಪರಿಹಾರ ಕೊಡಲಾಗದು ಎಂದು ನ್ಯಾಯಾಲಯ ಅಲ್ಲಿ ಕೈಚೆಲ್ಲಿತು. ನಿಮ್ಮ ಪಾಂಪ್ಲೆಟ್‌ನಲ್ಲಿ ‘8,000 ರೂ. ಬೆಲೆಯ’ ಎಂದು ನೇರವಾಗಿ ಇರುವುದು ನಿಮಗೆ ಅನುಕೂಲ. ‘8,000 ರೂ.ವರೆಗಿನ ಗ್ರೈಂಡರ್‌ಗಳು’ ಎಂದಿದ್ದರೆ ನನ್ನ ಉತ್ತರ ಇಷ್ಟು ಧೈರ್ಯದ್ದಾಗಿರುತ್ತಿರಲಿಲ್ಲ. ಹಾಳೆಯನ್ನು ಇನ್ನೊಮ್ಮೆ ಓದಿ, ಗ್ರೈಂಡರ್ ಚಿತ್ರದ ಕೆಳಗೆ ಬ್ರ್ಯಾಂಡು, ಲೀಟರು ನಮೂದಾಗಿದೆಯೇ ನೋಡಿ. ಅಮೆರಿಕದ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ನಮ್ಮ ಕಾಯ್ದೆಯ 2(ಎ) ಕಲಮಿಗೂ ಅದಕ್ಕೂ ತಿಕ್ಕಾಟವಿಲ್ಲ, ಮುಂದಿಟ್ಟು ವಾದಿಸಲು ಅಡ್ಡಿಯಿಲ್ಲ.

ಅಂಗೀಕಾರ ಯಾವಾಗ ಆಯಿತು ಎಂಬುದು ಮುಂದಿನ ಗಂಟು. ಪಾಂಪ್ಲೆಟ್ ಓದಿ ‘ಹೋಗೋಣ’ ಎಂದು ಮನೆಯಲ್ಲಿ ನಿರ್ಧರಿಸಿದಾಗ ಅಲ್ಲ, ಗುಬ್ಬಿಯಲ್ಲಿ ಬಸ್ಸು ಹತ್ತಿದಾಗಲೂ ಅಲ್ಲ. ಮಾಮೂಲಿ ಕರಾರಿನಲ್ಲಿ ಎರಡೂ ಕಡೆ ಮಾತಿಗೆ ಮಾತು ಸೇರುತ್ತದೆ: ನೀವು ಕೊಡುತ್ತೇನೆ ಎನ್ನುತ್ತೀರಿ, ನಾನು ತಗೊಳ್ಳುತ್ತೇನೆ ಎನ್ನುತ್ತೇನೆ. ಏಕಪಕ್ಷೀಯ ಪ್ರಸ್ತಾಪದಲ್ಲಿ ಮಾತು ಕೊಡುವವರು ಒಬ್ಬರೇ, ಇನ್ನೊಂದು ಕಡೆಯಿಂದ ಬೇಕಾದದ್ದು ಕೆಲಸ. 8ನೇ ಕಲಮು ಅದನ್ನೇ ಹೇಳುತ್ತದೆ: ಪ್ರಸ್ತಾಪದ ಷರತ್ತುಗಳನ್ನು ನೆರವೇರಿಸಿದರೆ ಅದೇ ಅಂಗೀಕಾರ. ‘ನಿಮ್ಮ ಆಫರ್ ಒಪ್ಪಿದ್ದೇನೆ’ ಎಂದು ಮೊದಲೇ ಪತ್ರ ಬರೆಯಬೇಕಿಲ್ಲ. ನಿಮ್ಮ ವಿಷಯದಲ್ಲಿ ಆ ಕೆಲಸ ಎಂದರೆ ಭಾನುವಾರ 9ಕ್ಕೆ ಮೊದಲ ಐವರಲ್ಲಿ ಒಬ್ಬರಾಗಿ ನಿಂತು 499 ರೂಪಾಯಿ ಮುಂದೆ ಚಾಚುವುದು. ಸಾಲಿನಲ್ಲಿ ನಿಂತದ್ದಕ್ಕೆ ಚೀಟಿ ಸಾಕ್ಷಿ. ದುಡ್ಡು ಕೊಡಲು ಹೋದೆ ಎಂದು ಬರೆದಿದ್ದೀರಿ, ಅದು ಮುಖ್ಯ. ಷರತ್ತಿನ ಮಾತು ಕೇಳಿ ದುಡ್ಡು ತೆಗೆಯದೆ ಜಗಳವಾಡಿ ಹೊರಬಂದಿದ್ದರೆ, ‘ಇವರು ಕೊಳ್ಳಲು ಮುಂದೆ ಬರಲೇ ಇಲ್ಲ’ ಎಂಬ ಮಾತಿಗೆ ಎಡೆಯಾಗುತ್ತಿತ್ತು. ಇನ್ನೊಂದು ಎಚ್ಚರ, 7ನೇ ಕಲಮಿನ ಪ್ರಕಾರ ಅಂಗೀಕಾರ ಪೂರ್ತಿಯಾಗಿ, ಷರತ್ತಿಲ್ಲದೆ ಇರಬೇಕು. ‘499ಕ್ಕೆ ಕೊಡಿ, ಜೊತೆಗೆ ಮನೆಗೆ ಡೆಲಿವರಿಯನ್ನೂ ಮಾಡಿ’ ಎಂದು ಪಟ್ಟು ಹಿಡಿದಿದ್ದರೆ ಅದು ನಿಮ್ಮ ಕಡೆಯ ಹೊಸ ಪ್ರಸ್ತಾಪ ಎನ್ನಿಸಿಕೊಳ್ಳುತ್ತಿತ್ತು.

ಈಗ ಕೌಂಟರ್ ಹಿಂದಿನ ಹಾಳೆ. ಅಂಗಡಿಯವರ ವಕೀಲರು ಹಿಡಿಯುವುದು ಇದನ್ನೇ. 5ನೇ ಕಲಮಿನ ಪ್ರಕಾರ ಪ್ರಸ್ತಾಪವನ್ನು ಅಂಗೀಕಾರ ಪೂರ್ಣವಾಗುವ ಮುನ್ನ ಹಿಂತೆಗೆದುಕೊಳ್ಳಬಹುದು, ನೀವು ದುಡ್ಡು ಚಾಚುವ ಮುನ್ನವೇ ಹಾಳೆ ತೋರಿಸಿದೆವು, ಹಳೆಯ ಪ್ರಸ್ತಾಪ ಅಲ್ಲಿಗೆ ಮುಗಿಯಿತು ಎನ್ನುತ್ತಾರೆ. ಇದು ಸುಮ್ಮನೆ ತಳ್ಳಿಹಾಕುವ ವಾದವಲ್ಲ, ಎರಡು ಕಡೆಯಿಂದ ಉತ್ತರಿಸಬೇಕು.

ಮೊದಲನೆಯದು, ಹಿಂತೆಗೆತವನ್ನು ಯಾರಿಗೆ ಹೇಗೆ ತಿಳಿಸಬೇಕು ಎಂಬುದು. ಊರಿಗೆಲ್ಲ ಹಂಚಿದ ಪ್ರಸ್ತಾಪವನ್ನು ಓದಿದ ಒಬ್ಬೊಬ್ಬರನ್ನೂ ಹುಡುಕಿ ಹೇಳುವುದು ಆಗದ ಮಾತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1875ರಲ್ಲಿ ಶೂಯಿ ಪ್ರಕರಣದಲ್ಲಿ ಇದಕ್ಕೊಂದು ಅಳತೆಗೋಲು ಕೊಟ್ಟಿತು. ಅಧ್ಯಕ್ಷ ಲಿಂಕನ್ ಹತ್ಯೆಯ ಸಂಚಿನ ಆರೋಪಿ ಜಾನ್ ಸರಾಟ್‌ನನ್ನು ಹಿಡಿದುಕೊಟ್ಟವರಿಗೆ 1865ರ ಏಪ್ರಿಲ್‌ನಲ್ಲಿ 25,000 ಡಾಲರ್ ಬಹುಮಾನ ಘೋಷಣೆಯಾಗಿತ್ತು. ಅದೇ ನವೆಂಬರ್‌ನಲ್ಲಿ ಘೋಷಣೆಯನ್ನು ಹಿಂತೆಗೆದುಕೊಂಡರು. ಹಿಂತೆಗೆದದ್ದು ಗೊತ್ತಿಲ್ಲದ ಒಬ್ಬಾತ ಮರುವರ್ಷ ಇಟಲಿಯಲ್ಲಿ ಸರಾಟ್‌ನ ಸುಳಿವು ಕೊಟ್ಟ. ಘೋಷಣೆಯನ್ನು ಎಷ್ಟು ಪ್ರಚಾರದೊಂದಿಗೆ ಮಾಡಿದ್ದರೋ ಹಿಂತೆಗೆತವನ್ನೂ ಅಷ್ಟೇ ಪ್ರಚಾರದೊಂದಿಗೆ ಮಾಡಿದ್ದರಿಂದ, ಅವನಿಗೆ ಗೊತ್ತಿರದಿದ್ದರೂ ಹಿಂತೆಗೆತ ಸಿಂಧು ಎಂದು ನ್ಯಾಯಾಲಯ ಹೇಳಿತು. ಈ ಅಳತೆಗೋಲನ್ನು ನಿಮ್ಮ ಅಂಗಡಿಗೆ ಹಿಡಿದು ನೋಡಿ. ಮನೆಮನೆಗೆ ಪೇಪರ್ ಜೊತೆ ಹೋದ ಪ್ರಸ್ತಾಪವನ್ನು ಕೌಂಟರ್ ಹಿಂದೆ, ಒಳಗೆ ಹೋದವರಿಗೆ ಮಾತ್ರ ಕಾಣುವ ಒಂದು ಹಾಳೆಯಿಂದ ಬದಲಿಸಲು ಹೊರಟಿದ್ದಾರೆ. ಮರುದಿನದ ಪೇಪರ್‌ನಲ್ಲಿ ಇನ್ನೊಂದು ಪಾಂಪ್ಲೆಟ್ ಹಾಕಿದ್ದರೆ ಮಾತು ಬೇರೆಯಾಗುತ್ತಿತ್ತು. ಹಾಳೆಯನ್ನು ನಿಮಗೆ ನೇರವಾಗಿ ತೋರಿಸಿದ್ದೇ ತಿಳಿವಳಿಕೆ ಎಂದು ಅವರು ವಾದಿಸಬಹುದು. ಆಗ ಎರಡನೇ ಉತ್ತರ ಕೆಲಸಕ್ಕೆ ಬರುತ್ತದೆ.

ಎರಡನೆಯದು, ಕೆಲಸ ಅರ್ಧ ನಡೆದ ಮೇಲೆ ಹಿಂತೆಗೆಯಬಹುದೇ ಎಂಬುದು. ನಮ್ಮ ಕಾಯ್ದೆಯ ಅಕ್ಷರ ಇದಕ್ಕೆ ಬಾಯಿಬಿಟ್ಟು ಉತ್ತರ ಹೇಳುವುದಿಲ್ಲ. ಇಂಗ್ಲೆಂಡಿನ 1952ರ ಎರಿಂಗ್ಟನ್ ಪ್ರಕರಣದಲ್ಲಿ ಒಬ್ಬ ತಂದೆ ಮಗ-ಸೊಸೆಗಾಗಿ ಸಾಲದ ಮೇಲೆ ಮನೆ ಕೊಂಡು, ‘ಕಂತು ನೀವೇ ಕಟ್ಟಿಕೊಂಡು ಹೋಗಿ, ಸಾಲ ತೀರಿದ ದಿನ ಮನೆ ನಿಮ್ಮದು’ ಎಂದಿದ್ದರು. ಕಂತು ಕಟ್ಟಲೇಬೇಕು ಎಂಬ ಕಟ್ಟುಪಾಡು ಆ ದಂಪತಿಗೆ ಇರಲಿಲ್ಲ, ಅವರು ಮಾತು ಕೊಟ್ಟಿರಲಿಲ್ಲ, ಕಟ್ಟುತ್ತಾ ಹೋದರು ಅಷ್ಟೇ. ತಂದೆ ತೀರಿಕೊಂಡ ಮೇಲೆ ಮನೆ ಬಿಡಿಸಲು ದಾವೆ ಬಂತು. ಅವರು ಕಟ್ಟಲು ಶುರು ಮಾಡಿದ ಮೇಲೆ, ಕಟ್ಟುವುದನ್ನು ಬಿಡದಿರುವವರೆಗೆ, ಆ ಮಾತನ್ನು ಹಿಂತೆಗೆಯುವಂತಿಲ್ಲ ಎಂದು ಲಾರ್ಡ್ ಡೆನ್ನಿಂಗ್ ಹೇಳಿದರು. ನೀವು 9ಕ್ಕೆ ಮುಂಚೆ ಸಾಲಿನಲ್ಲಿ ನಿಂತು ಅಂಗಡಿಯವರ ಕೈಯಿಂದಲೇ ಸಂಖ್ಯೆ ಪಡೆದಿದ್ದೀರಿ. ಕೆಲಸ ಬಹುಪಾಲು ಮುಗಿದಿತ್ತು, ಉಳಿದದ್ದು ದುಡ್ಡು ಎಣಿಸುವುದು ಮಾತ್ರ. ಆ ಹಂತದಲ್ಲಿ ಹೊಸ ಷರತ್ತು ತರುವುದು ನಡೆಯದು ಎಂಬುದು ನನ್ನ ಅಭಿಪ್ರಾಯ. ಮನೆಯಿಂದ ಹೊರಟದ್ದಷ್ಟೇ ಆಗಿದ್ದು, ಬಸ್ಸಿನಲ್ಲಿದ್ದಾಗಲೇ ಆಫರ್ ರದ್ದು ಎಂದು ಮೆಸೇಜ್ ಬಂದಿದ್ದರೆ ಈ ಅಭಿಪ್ರಾಯ ಕೊಡುತ್ತಿರಲಿಲ್ಲ. ಹೊರಡುವುದು ಸಿದ್ಧತೆ, ಷರತ್ತಿನ ನೆರವೇರಿಕೆಯಲ್ಲ.

ಪಾಂಪ್ಲೆಟ್‌ನ ಮೂಲೆಯಲ್ಲಿ ನಕ್ಷತ್ರ ಹಾಕಿ ‘ಷರತ್ತುಗಳು ಅನ್ವಯ’ ಎಂದು ಇರುವೆ ಗಾತ್ರದಲ್ಲಿ ಇದೆಯೇ? ಇದ್ದರೂ ಹೆದರಬೇಕಿಲ್ಲ. ಷರತ್ತು ಕಟ್ಟಬೇಕಾದರೆ ಕರಾರು ಆಗುವ ಮುನ್ನ ಅದನ್ನು ತಿಳಿಯಲು ನಿಮಗೆ ತಕ್ಕ ಅವಕಾಶ ಇರಬೇಕು. ಯಾವ ಷರತ್ತು, ಎಲ್ಲಿ ಸಿಗುತ್ತದೆ ಎಂದು ಹೇಳದ ನಕ್ಷತ್ರದೊಳಗೆ 10,000 ರೂಪಾಯಿ ಖರೀದಿಯ ಕಡ್ಡಾಯವನ್ನು ಅಡಗಿಸಿಡಲಾಗದು. 499 ಎಂದು ದಪ್ಪಕ್ಷರದಲ್ಲಿ ಹಾಕಿ ಅದನ್ನು 10,499 ಮಾಡುವಂಥ ಷರತ್ತಿಗೆ ದಪ್ಪಕ್ಷರವೇ ಬೇಕು.

ಪ್ರತಿಫಲ ಇಲ್ಲ ಎಂಬ ಮಾತಿಗೆ ಈಗ ಉತ್ತರ. 499 ರೂಪಾಯಿಯೇ ಪ್ರತಿಫಲ. ಎಂಟು ಸಾವಿರದ ವಸ್ತುವಿಗೆ ಐನೂರು ಒಂದು ಪ್ರತಿಫಲವೇ ಎಂದು ಕೇಳುವವರಿಗೆ ಕಾಯ್ದೆಯೇ ಉದಾಹರಣೆ ಕೊಟ್ಟಿದೆ. 25ನೇ ಕಲಮಿನ ಕೆಳಗೆ, 1,000 ರೂಪಾಯಿ ಬಾಳುವ ಕುದುರೆಯನ್ನು 10 ರೂಪಾಯಿಗೆ ಮಾರಲು ಒಬ್ಬ ತನ್ನ ಸ್ವಂತ ಒಪ್ಪಿಗೆಯಿಂದ ಒಪ್ಪಿದರೆ ಅದು ಕರಾರೇ ಎಂದು ಬರೆದಿದೆ. ಮರು ಉದಾಹರಣೆಯಲ್ಲಿ, ಮಾರಿದವನು ‘ನನ್ನ ಒಪ್ಪಿಗೆ ಸ್ವತಂತ್ರವಾಗಿರಲಿಲ್ಲ’ ಎಂದರೆ ಆಗ ಕಡಿಮೆ ಬೆಲೆಯನ್ನು ಅದಕ್ಕೆ ಸುಳಿವಾಗಿ ನೋಡಬಹುದು ಎಂದಿದೆ. ತಾನೇ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ ಅಂಗಡಿಯವರು ಯಾರ ಬಲವಂತಕ್ಕೆ ಒಳಗಾಗಿದ್ದರು ಎಂದು ಹೇಳುವುದು? ಪ್ರತಿಫಲ ಇರಬೇಕು ಎನ್ನುತ್ತದೆ ಕಾನೂನು, ಸಾಟಿ ಇರಬೇಕು ಎನ್ನುವುದಿಲ್ಲ.

‘ಪ್ರಚಾರಕ್ಕೆ ಹಾಕಿದ್ದು ಸರ್, ಸೀರಿಯಸ್ ಆಗಿ ತಗೋಬಾರದು’ ಎಂಬ ಮಾತು ಉಳಿಯಿತು. ಕಾರ್ಲಿಲ್ ಪ್ರಕರಣದಲ್ಲಿ ಔಷಧ ಕಂಪನಿಯೂ ಇದನ್ನೇ ಹೇಳಿತ್ತು. ತನ್ನ ಹೊಗೆಯುಂಡೆಯನ್ನು ದಿನಕ್ಕೆ ಮೂರು ಬಾರಿ ಎರಡು ವಾರ ಬಳಸಿದ ಮೇಲೂ ಇನ್‌ಫ್ಲುಯೆಂಜಾ ಬಂದರೆ 100 ಪೌಂಡ್ ಕೊಡುತ್ತೇವೆ, ಅದಕ್ಕಾಗಿ 1,000 ಪೌಂಡ್ ಬ್ಯಾಂಕಿನಲ್ಲಿ ಇಟ್ಟಿದ್ದೇವೆ ಎಂದು 1891ರಲ್ಲಿ ಪತ್ರಿಕೆಗೆ ಹಾಕಿತ್ತು. ಬಳಸಿಯೂ ಜ್ವರ ಬಂದ ಶ್ರೀಮತಿ ಕಾರ್ಲಿಲ್ ಅವರಿಗೆ ಮರುವರ್ಷ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಆ ದುಡ್ಡು ಕೊಡಿಸಿತು. ಬ್ಯಾಂಕಿನಲ್ಲಿ ದುಡ್ಡಿಟ್ಟಿದ್ದೇವೆ ಎಂದ ಮೇಲೆ ಅದು ಬಡಾಯಿ ಹೇಗಾಗುತ್ತದೆ ಎಂಬುದು ನ್ಯಾಯಾಧೀಶರ ಪ್ರಶ್ನೆ. ನಿಮ್ಮ ಅಂಗಡಿಯವರು ಸೆಕ್ಯುರಿಟಿಯವರ ಕೈಯಲ್ಲಿ ಸಂಖ್ಯೆ ಬರೆದ ಚೀಟಿ ಹಂಚಿಸಿದ್ದಾರೆ. ಬರೀ ಪ್ರಚಾರದ ಮಾತಾಗಿದ್ದರೆ ಸಾಲಿನ ಲೆಕ್ಕ ಯಾಕೆ ಇಟ್ಟರು? ಆ ಸಣ್ಣ ಚೀಟಿ ನಿಮ್ಮ ಕಡೆಯ ಅತ್ಯಂತ ಬೆಲೆಬಾಳುವ ಕಾಗದ, ಪ್ಯಾಂಟಿನ ಜೇಬಿನಲ್ಲಿ ಬಿಟ್ಟು ಒಗೆಯಲು ಹಾಕಿಬಿಡಬೇಡಿ.

ಇಸ್ತ್ರಿ ಪೆಟ್ಟಿಗೆ ಕೊಂಡದ್ದರಿಂದ ನಿಮ್ಮ ಹಕ್ಕು ಹೋಯಿತೇ? ಇಲ್ಲ. ಅದನ್ನು ಗ್ರೈಂಡರ್ ಬದಲಿಗೆ ಒಪ್ಪಿಕೊಂಡೆ ಎಂದು ನೀವು ಎಲ್ಲೂ ಹೇಳಿಲ್ಲ. ಬದಲಿಗೆ ಲಾಭವೇ ಆಗಿದೆ. ಬಿಲ್ಲಿನ ಮೇಲೆ ಆ ಭಾನುವಾರದ ದಿನಾಂಕ ಇದ್ದೇ ಇರುತ್ತದೆ, ಕಂಪ್ಯೂಟರ್ ಬಿಲ್ಲಾದರೆ ಹೊತ್ತೂ ಇರಬಹುದು. ನೀವು ಬೆಳಗ್ಗೆ ಅಲ್ಲಿದ್ದಿರಿ ಎಂದು ಅಂಗಡಿಯವರೇ ಬರೆದುಕೊಟ್ಟ ಹಾಗೆ.

ನಷ್ಟ 8,000ದಲ್ಲಿ 499 ಕಳೆದು 7,501 ರೂಪಾಯಿ, 73ನೇ ಕಲಮಿನ ಲೆಕ್ಕ. ಆದರೆ 8,000 ಎಂಬುದು ಅವರು ಹೇಳಿದ ಬೆಲೆ. ಅದೇ ಗ್ರೈಂಡರ್ ಬೇರೆ ಅಂಗಡಿಯಲ್ಲಿ 6,200ಕ್ಕೆ ಸಿಗುತ್ತಿದ್ದರೆ ಎದುರು ಪಕ್ಷದವರು ಆ ಕೊಟೇಶನ್ ತಂದಿಡುತ್ತಾರೆ, ಆಗ ಪರಿಹಾರ ಅದರಲ್ಲಿ 499 ಕಳೆದು 5,701 ರೂಪಾಯಿಗೆ ಇಳಿಯಬಹುದು.

ಇಷ್ಟು ಹಣಕ್ಕೆ ಸಿವಿಲ್ ದಾವೆ ಹೂಡಿ ಅಂತ ನಾನು ಹೇಳುವುದಿಲ್ಲ. ತುಮಕೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋಗಿ. ವಸ್ತುವಿನ ಬೆಲೆ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು, ಎರಡು ವರ್ಷದೊಳಗೆ ಹಾಕಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಬೆಲೆ ಕೊಟ್ಟವರನ್ನಷ್ಟೇ ಅಲ್ಲದೆ ಕೊಡುತ್ತೇನೆಂದು ಒಪ್ಪಿದವರನ್ನೂ ಗ್ರಾಹಕ ಎನ್ನುತ್ತದೆ. ಕರಾರು ಆಗಿದೆ ಎಂಬ ನಿಮ್ಮ ವಾದ ಅಲ್ಲಿಯೂ ಬೇಕಾಗುವುದು ಇದಕ್ಕೇ. ಮಿಕ್ಸಿ ವಿಷಯಕ್ಕೂ ಇಲ್ಲಿ ಜಾಗವಿದೆ: ಕಡಿಮೆ ಬೆಲೆ ಎಂದು ಜಾಹೀರಾತು ಕೊಟ್ಟು ಆ ಬೆಲೆಗೆ ಮಾರುವ ಉದ್ದೇಶ ಇಲ್ಲದಿರುವುದು, ಅಥವಾ ನ್ಯಾಯವಾದ ಪ್ರಮಾಣದಲ್ಲಿ ಸರಕು ಇಡದಿರುವುದು, ಆ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಅದಕ್ಕೆ ಕರಾರು ಹುಟ್ಟಿರಬೇಕಾದ ಅಗತ್ಯವೇ ಇಲ್ಲ. ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ ಜಿಲ್ಲಾಧಿಕಾರಿಯವರಿಗೂ ಲಿಖಿತ ದೂರು ಕೊಡಬಹುದು. ಮೊದಲು ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸ್ ಕಳಿಸಿ, ಪಾಂಪ್ಲೆಟ್‌ನ ಜೆರಾಕ್ಸ್ ಮಾತ್ರ ಲಗತ್ತಿಸಿ, ಅಸಲು ನಿಮ್ಮಲ್ಲೇ ಇರಲಿ. ನಿಮ್ಮ ಹಿಂದೆ ಮುಂದೆ ನಿಂತಿದ್ದವರ ಪರಿಚಯವಿದ್ದರೆ ಅವರದೊಂದು ಅಫಿಡವಿಟ್ ಸಿಕ್ಕರೆ ಒಳ್ಳೆಯದು.

ಇನ್ನು ಭಾವನವರ ಹಸು. ಎಲ್ಲರೂ ಮೊದಲು ಹೇಳುವುದು 1913ರ ಅಲಹಾಬಾದ್ ಹೈಕೋರ್ಟಿನ ಲಾಲ್‌ಮನ್ ಶುಕ್ಲ ತೀರ್ಪನ್ನು. ಕಾನ್ಪುರದ ಗೌರಿ ದತ್ ಅವರ ಸೋದರಳಿಯ ಮನೆ ಬಿಟ್ಟು ಹೋದ. ಹುಡುಗನನ್ನು ಹುಡುಕಲು ತಮ್ಮ ಬಳಿ ಕೆಲಸಕ್ಕಿದ್ದ ಶುಕ್ಲ ಅವರನ್ನು ಹರಿದ್ವಾರಕ್ಕೆ ಕಳಿಸಿದರು. ಅವರು ಹೋದ ಮೇಲೆ ಇತ್ತ ಹುಡುಗನನ್ನು ಹುಡುಕಿದವರಿಗೆ 501 ರೂಪಾಯಿ ಎಂದು ಕರಪತ್ರ ಹೊರಟಿತು. ಶುಕ್ಲ ಅವರಿಗೆ ಇದು ಗೊತ್ತಿರಲಿಲ್ಲ, ಹುಡುಗನನ್ನು ಮಾತ್ರ ಅವರೇ ಪತ್ತೆ ಮಾಡಿದರು. ಆಮೇಲೆ ದಾವೆ ಹಾಕಿ ಸೋತರು. ಗೊತ್ತೇ ಇಲ್ಲದ ಪ್ರಸ್ತಾಪವನ್ನು ಒಪ್ಪುವುದು ಹೇಗೆ ಎಂಬುದು ಒಂದು ಕಾರಣ, ಹುಡುಕುವುದು ಅವರ ನೌಕರಿಯ ಕೆಲಸವೇ ಆಗಿತ್ತು ಎಂಬುದು ಇನ್ನೊಂದು. ಭಾವನವರಿಗೆ ಎರಡನೇ ಅಡ್ಡಿ ಇಲ್ಲ, ಮೊದಲನೆಯದು ಇದೆ. ಇಲ್ಲಿ ಒಂದು ಸೂಕ್ಷ್ಮ: ಹಸು ಕಣ್ಣಿಗೆ ಬಿದ್ದಾಗ ಗೊತ್ತಿರಲೇಬೇಕು ಅಂತಲ್ಲ. ‘ಹುಡುಕಿಕೊಟ್ಟವರಿಗೆ’ ಎಂದಿರುವುದರಿಂದ ಕೆಲಸ ಮುಗಿಯುವುದು ಕೊಟ್ಟಾಗ. ಕಟ್ಟಿಹಾಕಿದ್ದ ಆ ಎರಡು ದಿನಗಳಲ್ಲಿ ಯಾರಾದರೂ ‘ಐದು ಸಾವಿರ ಕೊಡ್ತಾರಂತೆ’ ಎಂದು ಅವರ ಕಿವಿಗೆ ಹಾಕಿದ್ದರೂ ಸಾಕಿತ್ತು, ಗೊತ್ತಿದ್ದೇ ಹಸುವನ್ನು ತಲುಪಿಸಿದಂತಾಗುತ್ತಿತ್ತು. ಇಲ್ಲದ್ದನ್ನು ಇತ್ತು ಅನ್ನಿಸಲು ನಾನು ಹೇಳುತ್ತಿಲ್ಲ. ಆ ಎರಡು ದಿನ ಯಾರು ಯಾರು ಬಂದು ಏನೇನು ಹೇಳಿದರು ಎಂದು ನೆನಪು ಮಾಡಿಕೊಳ್ಳಲಿ.

ಆ ದಾರಿ ಮುಚ್ಚಿದ್ದರೂ 168ನೇ ಕಲಮು ಇದೆ. ಬಿದ್ದುಹೋದ ಸರಕು ಸಿಕ್ಕವರ ಹಕ್ಕುಗಳ ಬಗ್ಗೆ ಇರುವ ಕಲಮು ಇದು. ಸರಕನ್ನು ಕಾಪಾಡಲು ತಾನಾಗಿ ಪಟ್ಟ ಶ್ರಮಕ್ಕೆ, ಮಾಡಿದ ಖರ್ಚಿಗೆ ದಾವೆ ಹೂಡಲಾಗದು, ಆದರೆ ಒಡೆಯರು ವಾಪಸು ತಂದುಕೊಟ್ಟವರಿಗೆ ಇಂತಿಷ್ಟು ಬಹುಮಾನ ಎಂದು ಹೇಳಿದ್ದರೆ, ಸಿಕ್ಕವರು ಆ ಬಹುಮಾನಕ್ಕೆ ದಾವೆ ಹೂಡಬಹುದು ಎನ್ನುತ್ತದೆ. ಸಿಕ್ಕವರಿಗೆ ಬಹುಮಾನದ ಸುದ್ದಿ ಗೊತ್ತಿರಬೇಕು ಎಂಬ ಮಾತು ಆ ಕಲಮಿನಲ್ಲಿ ಇಲ್ಲ. ಶುಕ್ಲ ಅವರು ಹುಡುಕಿದ್ದು ಹುಡುಗನನ್ನು, ಮನುಷ್ಯ ಸರಕಲ್ಲ, ಅವರಿಗೆ ಈ ಕಲಮು ಒದಗುತ್ತಿರಲಿಲ್ಲ. ಹಸು ಚರಸ್ವತ್ತು. ಹಾಗಾಗಿ ಭಾವನವರಿಗೆ ಈ ವಾದ ಇದೆ. ಹಸುವನ್ನು ಕೊಡುವ ಮುನ್ನವೇ ಗೊತ್ತಾಗಿದ್ದರೆ ಬಹುಮಾನ ಕೈಸೇರುವವರೆಗೆ ಅದನ್ನು ಕೊಟ್ಟಿಗೆಯಲ್ಲೇ ಇಟ್ಟುಕೊಳ್ಳುವ ಹಕ್ಕೂ ಅದೇ ಕಲಮಿನಲ್ಲಿತ್ತು. ಬಿಟ್ಟುಕೊಟ್ಟ ಮೇಲೆ ಆ ಹಿಡಿತ ಹೋಯಿತು. ಎರಡು ದಿನದ ಹುಲ್ಲು, ಹಿಂಡಿಯ ಖರ್ಚನ್ನು ಬೇರೆಯಾಗಿ ಕೇಳಲೂ ಆಗದು.

ಮೂರನೆಯ ದಾರಿಯೇ ನನಗೆ ಎಲ್ಲಕ್ಕಿಂತ ಗಟ್ಟಿ ಎನಿಸುವುದು, ಅದು ‘ಹಬ್ಬ ಕಳೀಲಿ, ಕೊಡ್ತೀನಿ’ ಎಂಬ ಮಾತಿನಲ್ಲಿದೆ. ಕೆಲಸ ಆಗಿಹೋದ ಮೇಲೆ ಕೊಟ್ಟ ಮಾತಿಗೆ ಪ್ರತಿಫಲ ಎಲ್ಲಿದೆ, ಮಾತು ಕೊಟ್ಟವರ ಅಪೇಕ್ಷೆಯ ಮೇಲೆ ಮಾಡಿದ್ದಲ್ಲವಲ್ಲ ಎಂದು ಕೇಳಿದರೆ, ಇಂಗ್ಲಿಷ್ ಕಾನೂನಿನಲ್ಲಿ ಭಾವನವರು ಸೋಲುತ್ತಾರೆ. ನಮ್ಮ ಕಾಯ್ದೆ ಇಲ್ಲಿ ಬೇರೆ ದಾರಿ ಹಿಡಿದಿದೆ. 25(2) ಕಲಮಿನ ಪ್ರಕಾರ, ತನಗಾಗಿ ಈಗಾಗಲೇ ಸ್ವಇಚ್ಛೆಯಿಂದ ಏನನ್ನಾದರೂ ಮಾಡಿದವರಿಗೆ ಪರಿಹಾರವಾಗಿ ಕೊಡುತ್ತೇನೆಂದ ಮಾತು, ಪ್ರತಿಫಲ ಇಲ್ಲದಿದ್ದರೂ ಕರಾರಾಗುತ್ತದೆ. ಕಾಯ್ದೆಯ ಉದಾಹರಣೆ ಹೀಗಿದೆ: ಒಬ್ಬನಿಗೆ ಇನ್ನೊಬ್ಬನ ಪರ್ಸು ಸಿಗುತ್ತದೆ, ವಾಪಸು ಕೊಡುತ್ತಾನೆ, ಪಡೆದವನು 50 ರೂಪಾಯಿ ಕೊಡುತ್ತೇನೆ ಎನ್ನುತ್ತಾನೆ, ಇದು ಕರಾರು. ಪರ್ಸಿನ ಜಾಗದಲ್ಲಿ ಹಸು ಇಟ್ಟರೆ ನಿಮ್ಮ ಭಾವನವರ ಪ್ರಕರಣ ಪೂರ್ತಿ ಬಂದುಬಿಡುತ್ತದೆ. ಅದೇ 25ನೇ ಕಲಮಿನಲ್ಲಿ ಪ್ರೀತಿ-ವಿಶ್ವಾಸದಿಂದ ಕೊಟ್ಟ ಮಾತಿಗೆ ಬರಹವೂ ನೋಂದಣಿಯೂ ಬೇಕು, ಕಾಲಮಿತಿ ಮೀರಿದ ಸಾಲ ತೀರಿಸುವ ಮಾತಿಗೆ ಸಹಿ ಮಾಡಿದ ಬರಹ ಬೇಕು. ಈ ಎರಡನೇ ಉಪಕಲಮಿಗೆ ಬರಹ ಬೇಕೆಂದಿಲ್ಲ, ಬಾಯಿಮಾತೇ ಸಾಕು.

ಸಾಬೀತುಪಡಿಸುವುದೇ ಕಷ್ಟ. ಒಡೆಯರು ಹಾಗೆ ಅಂದಾಗ ಪಕ್ಕದಲ್ಲಿ ಯಾರಿದ್ದರು? ಮುಖಾಮುಖಿಯೋ ಫೋನಿನಲ್ಲೋ? ಮೊತ್ತದ ಮಾತು ಬಂತೇ, ಅಥವಾ ‘ಕೊಡ್ತೀನಿ’ ಎಂದಷ್ಟೇ ಅಂದರೇ? ಬರೀ ‘ಏನಾದ್ರೂ ನೋಡೋಣ’ ಎಂದಿದ್ದರೆ ಅದು ಅನಿಶ್ಚಿತ ಮಾತು, 29ನೇ ಕಲಮಿನ ಅಡಿ ಬಿದ್ದುಹೋಗುತ್ತದೆ. 5,000ವನ್ನು ಕೇಳಿದ್ದಕ್ಕೆ ಉತ್ತರವಾಗಿ ‘ಕೊಡ್ತೀನಿ’ ಎಂದಿದ್ದರೆ ಮೊತ್ತ ತಾನಾಗಿ ಸೇರಿಕೊಂಡಿದೆ. ಭಾವನವರು ಈಗ ಒಡೆಯರಿಗೆ ಒಂದು ಮೆಸೇಜ್ ಕಳಿಸಲಿ, ಜಗಳದ ಧಾಟಿ ಬೇಡ: ‘ಅಣ್ಣಾ, ಇಂಥ ದಿನ ಹಸು ತಂದು ಬಿಟ್ಟಿದ್ದೆ, ಆಮೇಲೆ ಕೇಳಿದಾಗ ಐದು ಸಾವಿರ ಹಬ್ಬ ಆದಮೇಲೆ ಕೊಡ್ತೀನಿ ಅಂದಿದ್ರಿ, ಯಾವಾಗ ಬರಲಿ?’ ‘ಇನ್ನೊಂದು ವಾರ ತಡ್ಕೋಪ್ಪ’ ಎಂದು ಉತ್ತರ ಬಂದರೆ ಸಾಕ್ಷಿ ಸಿಕ್ಕಿತು. ಬಹುಮಾನದ ಆ ವಾಟ್ಸಾಪ್ ಪೋಸ್ಟನ್ನು ಯಾರಾದರೂ ಅಳಿಸುವ ಮುನ್ನ ಗ್ರೂಪಿನ ಹೆಸರು, ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಲಿ. ಅಷ್ಟಾದ ಮೇಲೆ ತುಮಕೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆಗೆ ಮುಂಚಿನ ರಾಜಿಗೆ ಅರ್ಜಿ ಕೊಟ್ಟರೆ ಇಬ್ಬರನ್ನೂ ಕರೆಸುತ್ತಾರೆ. ಹಣ ಕೊಡದೆ ಉಳಿದ ದಿನದಿಂದ ದಾವೆಗೆ ಮೂರು ವರ್ಷ ಕಾಲಾವಕಾಶವಿದೆ.